ಮೊದಲು ರೈಲು, ಆಮೇಲೆ ಮನೆ

ಏಪ್ರಿಲ್, ಮೇ ತಿಂಗಳು ಬಂತೆಂದರೆ ಬ್ಯಾಂಕುಗಳಲ್ಲಿ ವರ್ಗಾವಣೆಯ ಪಟ್ಟಿಗಳು ಹೊರಬೀಳುತ್ತವೆ. ಉಡುಪಿಯ ಶಾಖೆಯಲ್ಲಿ ಹಾಯಾಗಿದ್ದ ಅಧಿಕಾರಿಯ ಹೆಸರಿನ ಮುಂದೆ ಮುಂಬೈ ಎಂದು ಬರೆದಿರುತ್ತದೆ. ಕಚೇರಿ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಅಂದರೆ ಎಲ್ಲರೂ ಬಿಕೆಸಿ ಎನ್ನುವ ಜಾಗದಲ್ಲಿ. ಕೈಯಲ್ಲಿ ಒಂದು ವಾರದ ರಜೆ ಇದೆ. ಆ ವಾರದಲ್ಲಿ ಗಂಡ ಹೆಂಡತಿ ಹೋಗಿ ಮನೆ ಹುಡುಕಿ ಬರಬೇಕು, ಜೂನ್ ಹೊತ್ತಿಗೆ ಮಗಳನ್ನು ಶಾಲೆಗೆ ಸೇರಿಸಬೇಕು.

ಈ ಸ್ಥಿತಿಯಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮೊಬೈಲಿನಲ್ಲಿ ಮನೆಗಳ ಫೋಟೊ ನೋಡಿ, ಹತ್ತು ಹದಿನೈದು ಆರಿಸಿ, ಬಂದಿಳಿದ ದಿನದಿಂದಲೇ ಬ್ರೋಕರ್ ಹಿಂದೆ ಓಡಾಡುತ್ತಾರೆ. ಮೂರನೇ ದಿನಕ್ಕೆ ಎಲ್ಲ ಅಡುಗೆಮನೆಗಳೂ ಒಂದೇ ರೀತಿ ಕಾಣತೊಡಗುತ್ತವೆ. ಐದನೇ ದಿನ ಆಯಾಸಕ್ಕೆ ಸೋತು, ಕೊನೆಗೆ ನೋಡಿದ ಮನೆಗೆ ಟೋಕನ್ ಕೊಟ್ಟು ಬರುತ್ತಾರೆ. ಕೆಲಸಕ್ಕೆ ಹೋಗುವ ಮೊದಲ ಸೋಮವಾರ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗಲೇ ತಾವು ಬಾಡಿಗೆಗೆ ಹಿಡಿದದ್ದು ಏನನ್ನು ಎಂದು ಅವರಿಗೆ ಗೊತ್ತಾಗುವುದು.

ಮುಂಬೈಯಲ್ಲಿ ಮನೆ ಹಿಡಿಯುವುದೆಂದರೆ ಒಂದು ರೈಲುಮಾರ್ಗವನ್ನು, ಆ ಮಾರ್ಗದ ಒಂದು ಸ್ಟೇಷನ್ನನ್ನು, ಆ ಸ್ಟೇಷನ್ನಿನ ಪೂರ್ವ ಅಥವಾ ಪಶ್ಚಿಮ ಬದಿಯನ್ನು ಹಿಡಿಯುವುದು. ನಾಲ್ಕು ಗೋಡೆ ಅದಾದ ಮೇಲೆ ಬರುತ್ತದೆ. ಆದ್ದರಿಂದ ವಾರದ ಮೊದಲ ಅರ್ಧವನ್ನು ಮನೆ ನೋಡದೆ ಓಡಾಟ ನೋಡುವುದಕ್ಕೇ ಇಟ್ಟುಕೊಳ್ಳಬೇಕೆಂದು ನಾನು ಹೇಳುತ್ತೇನೆ. ಅದು ಹೇಗೆಂದು ಉಡುಪಿಯ ಈ ಕುಟುಂಬವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಗಂಡ, ಹೆಂಡತಿ, ಐದನೇ ತರಗತಿಗೆ ಹೋಗುವ ಮಗಳು, ವರ್ಷದಲ್ಲಿ ಕೆಲವು ತಿಂಗಳು ಬಂದು ಇರುವ ವಯಸ್ಸಾದ ಅಪ್ಪ ಅಮ್ಮ. ಬಾಡಿಗೆಗೆ ತಿಂಗಳಿಗೆ 45,000 ರೂಪಾಯಿಗಿಂತ ಹೆಚ್ಚು ಕೊಡಲಾಗದು. ಮುಂದೆ ಬರುವ ಬಾಡಿಗೆ ಮತ್ತು ನಿಮಿಷಗಳ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಅಂಕಿಗಳನ್ನು ನೀವೇ ಅಲ್ಲಿ ಹೋಗಿ ತುಂಬಿಕೊಳ್ಳಬೇಕು.

ಹೊರಡುವ ಮೊದಲು ಉಡುಪಿಯಲ್ಲಿ ಕುಳಿತೇ ಮಾಡಬಹುದಾದ ಕೆಲಸವೆಂದರೆ ನಕ್ಷೆ ಓದುವುದು. ಮುಂಬೈ ಉದ್ದಕ್ಕೆ ಚಾಚಿಕೊಂಡ ಊರು. ರೈಲುಗಳೂ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿಯೇ ಓಡುತ್ತವೆ. ಪಶ್ಚಿಮ ಮಾರ್ಗ ಚರ್ಚ್‌ಗೇಟಿನಿಂದ ಬಾಂದ್ರಾ, ಅಂಧೇರಿ, ಬೊರಿವಲಿ ದಾಟಿ ವಿರಾರ್ ಕಡೆಗೆ ಹೋಗುತ್ತದೆ. ಮಧ್ಯ ಮಾರ್ಗ ಸಿಎಸ್‌ಎಂಟಿಯಿಂದ ದಾದರ್, ಕುರ್ಲಾ, ಘಾಟ್ಕೋಪರ್, ಮುಲುಂಡ್, ಠಾಣೆ, ಡೊಂಬಿವಲಿ ದಾಟಿ ಕಲ್ಯಾಣಕ್ಕೆ ಹೋಗುತ್ತದೆ. ಹಾರ್ಬರ್ ಮಾರ್ಗ ಕುರ್ಲಾದಿಂದ ಚೆಂಬೂರಿನ ಮೂಲಕ ವಾಶಿ, ಪನ್ವೇಲ್ ಕಡೆ ತಿರುಗುತ್ತದೆ. ಬಿಕೆಸಿ ಇರುವುದು ಪಶ್ಚಿಮ ಮಾರ್ಗದ ಬಾಂದ್ರಾಕ್ಕೂ ಮಧ್ಯ ಮಾರ್ಗದ ಕುರ್ಲಾಕ್ಕೂ ನಡುವೆ. ಲೋಕಲ್ ರೈಲು ಕಚೇರಿಯ ಬಾಗಿಲಿಗೆ ಹೋಗುವುದಿಲ್ಲ. ಎರಡರಲ್ಲಿ ಒಂದು ಕಡೆ ಇಳಿದು ಬಸ್ಸನ್ನೋ ಶೇರ್ ರಿಕ್ಷಾವನ್ನೋ ಹಿಡಿಯಲೇಬೇಕು.

ಈ ಚಿತ್ರವನ್ನು ಇತ್ತೀಚೆಗೆ ಬದಲಿಸಿದ್ದು ನೆಲದಡಿಯ ಮೆಟ್ರೊ, ಅಂದರೆ ಮೂರನೇ ಮಾರ್ಗ. ಆರೆಯಿಂದ ಬಿಕೆಸಿಯವರೆಗಿನ ಭಾಗ 2024ರ ಅಕ್ಟೋಬರಿನಲ್ಲಿ ತೆರೆಯಿತು. ಒಂದು ವರ್ಷದ ನಂತರ ಅದು ದಕ್ಷಿಣದ ಕಫ್ ಪರೇಡಿನವರೆಗೆ ಮುಟ್ಟಿತು. ಅದರ ಮರೋಳ್ ನಾಕಾ ಸ್ಟೇಷನ್ನಿನಲ್ಲಿ ಘಾಟ್ಕೋಪರ್–ವರ್ಸೋವಾ ಮೆಟ್ರೊ ಕೂಡುತ್ತದೆ. ಐದಾರು ವರ್ಷಗಳ ಹಿಂದೆ ಮುಂಬೈಯಲ್ಲಿ ಮನೆ ಮಾಡಿದ್ದವರ ಸಲಹೆಯಲ್ಲಿ ಈ ಮೆಟ್ರೊ ಇರುವುದಿಲ್ಲ. ಹಾಗಾಗಿ ಅವರ ಮಾತನ್ನು ಕೇಳುವಾಗ ಇದೊಂದನ್ನು ನೆನಪಿಡಬೇಕು.

ಸಲಹೆ ಎಂದಾಗ ಕರಾವಳಿಯವರಿಗೆ ಇನ್ನೊಂದು ಮಾತು ಹೇಳಬೇಕು. ಉಡುಪಿಯ ಯಾವ ಮನೆಯವರಿಗೆ ಮುಂಬೈಯಲ್ಲಿ ನೆಂಟರಿಲ್ಲ? ವರ್ಗಾವಣೆಯ ಸುದ್ದಿ ಮುಟ್ಟಿದ ಸಂಜೆಯೇ ಡೊಂಬಿವಲಿಯ ಚಿಕ್ಕಮ್ಮನ ಫೋನು ಬರುತ್ತದೆ. "ಮಗಾ, ನಮ್ಮ ಬಿಲ್ಡಿಂಗಿನಲ್ಲೇ ಒಂದು ಮನೆ ಖಾಲಿ ಉಂಟು. ಇಪ್ಪತ್ತು ಸಾವಿರಕ್ಕೆ ದೊಡ್ಡ ಮನೆ. ನಾವೆಲ್ಲ ಇದ್ದೇವಲ್ಲ?" ಆ ಪ್ರೀತಿ ನಿಜ, ಆ ಬಾಡಿಗೆಯೂ ನಿಜವಿರಬಹುದು. ಆದರೆ ಡೊಂಬಿವಲಿ ಸಿಎಸ್‌ಎಂಟಿಯಿಂದ ಸುಮಾರು 48 ಕಿಲೋಮೀಟರ್ ದೂರ. ಬೆಳಿಗ್ಗೆ ಎಂಟರ ಹೊತ್ತಿಗೆ ಕಲ್ಯಾಣದ ಕಡೆಯಿಂದ ಬರುವ ಫಾಸ್ಟ್ ಲೋಕಲಿನಲ್ಲಿ ಬಾಗಿಲಿಗೆ ನೇತುಬೀಳದೆ ಒಳಗೆ ಹೋಗುವುದು ರೂಢಿಯಿಲ್ಲದವರಿಗೆ ಬಹಳ ಕಷ್ಟ. 2025ರ ಜೂನ್ 9ರಂದು ಇದೇ ಮಾರ್ಗದ ಮುಂಬ್ರಾ ಬಳಿ ಕಿಕ್ಕಿರಿದ ಲೋಕಲುಗಳಿಂದ ಜನ ಹಳಿಯ ಮೇಲೆ ಬಿದ್ದು ಸತ್ತರು. ನಲವತ್ತರ ವಯಸ್ಸಿನಲ್ಲಿ ಮೊದಲ ಸಲ ಲೋಕಲ್ ಹತ್ತುವವನು ಠಾಣೆಯ ಆಚೆಗೆ ಮನೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿಕ್ಕಮ್ಮನ ಮನೆಗೆ ಭಾನುವಾರ ಊಟಕ್ಕೆ ಹೋಗಬಹುದು.

ಹುಡುಕಾಟದ ವಾರ ಅಲ್ಲಿ ಉಳಿಯುವುದೂ ಬೇಡ. ಉಳಿದುಕೊಂಡ ಜಾಗದಿಂದಲೇ ಎಲ್ಲ ದೂರಗಳನ್ನೂ ಅಳೆಯುತ್ತೇವೆ, ದಿನಕ್ಕೆ ನಾಲ್ಕು ಗಂಟೆ ಬಂದುಹೋಗುವುದರಲ್ಲೇ ಕಳೆಯುತ್ತೇವೆ. ಸಯನ್, ಕುರ್ಲಾ, ಚೆಂಬೂರ್, ಘಾಟ್ಕೋಪರ್ ಸುತ್ತ ಒಂದು ಸಾಧಾರಣ ಲಾಡ್ಜ್ ಹಿಡಿದರೆ ಮೂರು ಮಾರ್ಗಗಳೂ ಕೈಗೆಟಕುತ್ತವೆ.

ನಮ್ಮ ಕುಟುಂಬ ಊರಿನಿಂದಲೇ ಆರಿಸಿಕೊಂಡ ಪ್ರದೇಶಗಳು ನಾಲ್ಕು. ಕುರ್ಲಾದಿಂದ ಹಾರ್ಬರ್ ಮಾರ್ಗದಲ್ಲಿ ಎರಡನೇ ಸ್ಟೇಷನ್ ಆದ ಚೆಂಬೂರ್; ಹೊಸ ಮೆಟ್ರೊದ ಮೇಲಿರುವ ಮರೋಳ್; ಮಧ್ಯ ಮಾರ್ಗದ ಮುಲುಂಡ್ ಮತ್ತು ಠಾಣೆ. ನಾಲ್ಕಕ್ಕಿಂತ ಹೆಚ್ಚು ಪ್ರದೇಶ ಹಿಡಿದರೆ ಒಂದು ವಾರ ಸಾಲದು. ಎರಡಕ್ಕಿಂತ ಕಡಿಮೆ ಹಿಡಿದರೆ ಹೋಲಿಸಲು ಏನೂ ಇರುವುದಿಲ್ಲ. ಬೊರಿವಲಿ, ಮೀರಾ ರೋಡ್ ಕಡೆ ನೆಂಟರಿದ್ದರೂ ಅವನ್ನು ಬಿಟ್ಟರು. ಮಂಗಳೂರಿನ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಠಾಣೆಯಲ್ಲಿ ನಿಂತು ಕುರ್ಲಾ ಪಕ್ಕದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಬರುತ್ತದೆ. ವಯಸ್ಸಾದ ಅಪ್ಪ ಅಮ್ಮ ಸಾಮಾನು ಹೊತ್ತು ಇಳಿಯಬೇಕಾದಾಗ ಠಾಣೆ, ಮುಲುಂಡ್, ಚೆಂಬೂರ್ ಮೂರೂ ಹತ್ತಿರ. ಹೀಗೆ ಊರಿನ ರೈಲೂ ಪ್ರದೇಶವನ್ನು ತೀರ್ಮಾನಿಸುವ ಒಂದು ಕಾರಣವಾಗುತ್ತದೆ.

ಶನಿವಾರ ಬಂದಿಳಿದರು. ಭಾನುವಾರ ನಾಲ್ಕೂ ಪ್ರದೇಶಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಾಡಿದರು. ಅಂಗಡಿ, ಆಸ್ಪತ್ರೆ, ಶಾಲೆ, ರಸ್ತೆಯ ಏರಿಳಿತ ನೋಡಲು ಭಾನುವಾರ ಒಳ್ಳೆಯದು. ಓಡಾಟದ ಹೊತ್ತು ಅಳೆಯಲು ಮಾತ್ರ ಅದು ಎಳ್ಳಷ್ಟೂ ಉಪಯೋಗವಿಲ್ಲ. ಕಚೇರಿಯ ಜನಜಂಗುಳಿ ಇರುವುದಿಲ್ಲ ಎಂಬುದು ಒಂದು ಕಾರಣ. ಹಳಿ ದುರಸ್ತಿಗೆಂದು ರೈಲ್ವೆಯವರು ಭಾನುವಾರ ಹಗಲು ಮೆಗಾ ಬ್ಲಾಕ್ ಘೋಷಿಸಿ ಕೆಲವು ಭಾಗಗಳಲ್ಲಿ ರೈಲು ನಿಲ್ಲಿಸುತ್ತಾರೆ ಅಥವಾ ಫಾಸ್ಟನ್ನು ಸ್ಲೋ ಹಳಿಗೆ ಹಾಕುತ್ತಾರೆ ಎಂಬುದು ಇನ್ನೊಂದು. ಆ ದಿನ ಸಿಕ್ಕ ಅಂಕಿ ಯಾವ ದಿನಕ್ಕೂ ಹೊಂದುವುದಿಲ್ಲ.

ಅಳತೆ ಶುರುವಾಗಬೇಕಾದದ್ದು ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಕಚೇರಿಗೆ ಹೋಗುವ ಬಟ್ಟೆ ತೊಟ್ಟು, ಊಟದ ಡಬ್ಬಿ ಇರುವ ಚೀಲ ಹೊತ್ತು. ಸ್ಟೇಷನ್ನಿನಿಂದ ಅಳೆಯಬಾರದು, ಮನೆ ಇರಬಹುದಾದ ಬೀದಿಯಿಂದ ಅಳೆಯಬೇಕು. ಮುಲುಂಡ್ ಪಶ್ಚಿಮದ ಒಂದು ಬೀದಿಯಿಂದ ಹೊರಟವರ ಲೆಕ್ಕ ಹೀಗಿತ್ತೆಂದು ಇಟ್ಟುಕೊಳ್ಳಿ: ಸ್ಟೇಷನ್ನಿಗೆ ನಡಿಗೆ ಒಂಬತ್ತು ನಿಮಿಷ, ಸೇತುವೆ ಹತ್ತಿ ಪ್ಲಾಟ್‌ಫಾರ್ಮಿಗೆ ಇಳಿದು ರೈಲಿಗೆ ಕಾದದ್ದು ಎಂಟು, ಸ್ಲೋ ಲೋಕಲಿನಲ್ಲಿ ಕುರ್ಲಾಕ್ಕೆ ಇಪ್ಪತ್ತೈದು, ಕುರ್ಲಾದ ಸೇತುವೆಯ ನೂಕುನುಗ್ಗಲಿನಲ್ಲಿ ಹೊರಬರಲು ಏಳು, ಶೇರ್ ರಿಕ್ಷಾ ಸಾಲಿನಲ್ಲಿ ಆರು, ಅಲ್ಲಿಂದ ಕಚೇರಿಗೆ ಹದಿನೈದು. ಒಟ್ಟು ಎಪ್ಪತ್ತು ನಿಮಿಷ. ರೈಲಿನೊಳಗೆ ಕಳೆದದ್ದು ಬರೀ ಇಪ್ಪತ್ತೈದು. ಬ್ರೋಕರ್ "ಕುರ್ಲಾ ಇಲ್ಲಿಂದ ಇಪ್ಪತ್ತೈದು ನಿಮಿಷ ಸಾಹೇಬರೇ" ಎಂದರೆ ಅವನು ಸುಳ್ಳು ಹೇಳುತ್ತಿಲ್ಲ, ಉಳಿದ ನಲವತ್ತೈದನ್ನು ಹೇಳುತ್ತಿಲ್ಲ.

ಇದರಲ್ಲಿ ಮನೆಯ ಆಯ್ಕೆಯಿಂದ ಬದಲಾಗುವುದು ಮೊದಲ ಎರಡು ತುಣುಕುಗಳು ಎಂಬುದನ್ನು ಗಮನಿಸಬೇಕು. ಕುರ್ಲಾದ ಸೇತುವೆ, ರಿಕ್ಷಾ ಸಾಲು ಯಾರಿಗೂ ತಪ್ಪದು. ಹಾಗಾಗಿ ಮನೆಯಿಂದ ಸ್ಟೇಷನ್ನಿಗೆ ನಡೆದುಹೋಗಲು ಆಗುತ್ತದೆಯೇ, ಇಲ್ಲವೇ ಅಲ್ಲೂ ಒಂದು ರಿಕ್ಷಾ ಬೇಕೇ ಎಂಬ ಪ್ರಶ್ನೆಗೆ ದೊಡ್ಡ ಬೆಲೆ ಬರುತ್ತದೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಫೋಟೊಗಳು ಎಲ್ಲರನ್ನೂ ಸೆಳೆಯುತ್ತವೆ. ಹೊಸ ಕಟ್ಟಡ, ಈಜುಕೊಳ, ಬಾಲ್ಕನಿಯಿಂದ ಹಸಿರು ಗುಡ್ಡ, ಅದೇ ಬಾಡಿಗೆಗೆ ಒಂದು ಕೋಣೆ ಹೆಚ್ಚು. ಆದರೆ ಅಲ್ಲಿನ ಅನೇಕ ವಸತಿ ಸಮುಚ್ಚಯಗಳು ಠಾಣೆ ಸ್ಟೇಷನ್ನಿನಿಂದ ಎಂಟು–ಹತ್ತು ಕಿಲೋಮೀಟರ್ ದೂರ. ಆ ರಸ್ತೆಯ ವಾಹನದಟ್ಟಣೆಯಲ್ಲಿ ರೈಲು ಹತ್ತುವ ಮೊದಲೇ ಮುಕ್ಕಾಲು ಗಂಟೆ ಹೋಗಬಹುದು. ನೀರಿಗೆ ಟ್ಯಾಂಕರ್ ಕಾಯುವ ಸೊಸೈಟಿಗಳೂ ಅಲ್ಲಿ ಕಡಿಮೆಯೇನಿಲ್ಲ. ಠಾಣೆಯ ಹೆಸರಿನಲ್ಲಿ ಸ್ಟೇಷನ್ ಬಳಿಯ ನೌಪಾಡಾವೂ ಇದೆ, ಘೋಡ್‌ಬಂದರ್ ರಸ್ತೆಯ ಕೊನೆಯೂ ಇದೆ. ಜಾಹೀರಾತಿನಲ್ಲಿ ಎರಡೂ ಠಾಣೆ ಪಶ್ಚಿಮವೇ.

ಸಂಜೆಯ ಅಳತೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಿಜವಾದ ಪರೀಕ್ಷೆ ಅದೇ. ಬೆಳಿಗ್ಗೆ ಮುಲುಂಡಿನಲ್ಲಿ ಹತ್ತುವವನಿಗೆ ಒಂದು ಅನುಕೂಲವಿದೆ: ಹಿಂದಿನ ಸ್ಟೇಷನ್ ಠಾಣೆಯಿಂದಲೇ ಹೊರಡುವ ಸ್ಲೋ ಲೋಕಲುಗಳಿವೆ, ಅವುಗಳಲ್ಲಿ ಕೂರಲು ಸಿಗದಿದ್ದರೂ ನಿಲ್ಲಲು ಜಾಗ ಸಿಗುತ್ತದೆ. ಸಂಜೆ ಕುರ್ಲಾದಲ್ಲಿ ಆ ಅನುಕೂಲವಿಲ್ಲ. ಬರುವ ರೈಲುಗಳು ಸಿಎಸ್‌ಎಂಟಿ, ದಾದರಿನಲ್ಲೇ ತುಂಬಿಕೊಂಡು ಬಂದಿರುತ್ತವೆ. ಕಲ್ಯಾಣ್ ಫಾಸ್ಟ್ ಹತ್ತಿದರೆ ಬೇಗ ಮುಟ್ಟಬಹುದೆಂದು ಹೊಸಬರು ನುಗ್ಗುತ್ತಾರೆ. ಅದು ಮುಲುಂಡಿನಲ್ಲಿ ನಿಲ್ಲುವ ಗಾಡಿಯೇ ಎಂದು ಮೊದಲು ನೋಡಬೇಕು. ನಿಂತರೂ ಒಳಗೆ ಸಿಕ್ಕಿಕೊಂಡವನಿಗೆ ಬಾಗಿಲಿನವರೆಗೆ ಬರಲು ಆಗಬೇಕು. ಠಾಣೆ ಸ್ಲೋ ಬರುವವರೆಗೆ ಎರಡು ಗಾಡಿ ಬಿಟ್ಟು ನಿಲ್ಲುವುದೇ ಜಾಣತನ. ಆ ಕಾಯುವಿಕೆಯೂ ಸೇರಿ ಸಂಜೆಯ ಲೆಕ್ಕ ಎಂಬತ್ತೈದು ನಿಮಿಷ ಆಯಿತೆನ್ನಿ. ಪುಸ್ತಕದಲ್ಲಿ ಬರೆದುಕೊಳ್ಳಬೇಕಾದದ್ದು ಈ ಎಂಬತ್ತೈದು. ಬೆಳಗು ಸಂಜೆಗಳ ಸರಾಸರಿ ತೆಗೆದರೆ ಮನಸ್ಸಿಗೆ ಸಮಾಧಾನವಾಗುತ್ತದೆ, ಆದರೆ ದೇಹ ಹೊರುವುದು ಕೆಟ್ಟ ದಿನವನ್ನು.

ಹೆಂಡತಿ ಮುಂದೆ ಕೆಲಸಕ್ಕೆ ಹೋಗುವ ಆಲೋಚನೆಯಿದ್ದರೆ ಅವರೂ ಅದೇ ಹೊತ್ತಿಗೆ ಮಹಿಳೆಯರ ಡಬ್ಬಿಯಲ್ಲಿ ಹೋಗಿ ನೋಡಬೇಕು. ಒಂದೇ ರೈಲಿನ ಎರಡು ಡಬ್ಬಿಗಳಲ್ಲಿ ಅನುಭವ ಬೇರೆಬೇರೆ.

ಸೋಮವಾರ ಬೆಳಿಗ್ಗೆ ಮುಲುಂಡ್, ಸಂಜೆ ಠಾಣೆ, ಮಂಗಳವಾರ ಬೆಳಿಗ್ಗೆ ಮರೋಳ್, ಸಂಜೆ ಚೆಂಬೂರ್. ನಂತರ ಉಳಿದುಕೊಂಡ ಪ್ರದೇಶಗಳನ್ನು ಇನ್ನೊಂದು ಹೊತ್ತಿನಲ್ಲಿ. ಹೀಗೆ ಹಂಚಿಕೊಂಡರೆ ಹಗಲಿನ ನಡುವಿನ ಹೊತ್ತು ಶಾಲೆಗಳಿಗೆ ಸಿಗುತ್ತದೆ. ಶಾಲೆಯ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲಿಗೆ ಶುರುವಾಗಿರುತ್ತದೆ, ರಾಜ್ಯ ಮಂಡಳಿಯ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಯಾವ ಮಂಡಳಿಯಾದರೂ 2020ರ ಕಾಯ್ದೆಯ ನಂತರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ನಡುವೆ ಬಂದು ಸೇರುವ ಮಗುವಿಗೆ ಅದನ್ನು ಹೇಗೆ ಕಲಿಸುತ್ತಾರೆ ಎಂದು ಕೇಳಬೇಕು. ಸೀಟು ಇದೆಯೋ ಇಲ್ಲವೋ ಎಂಬುದು ಮಂಗಳವಾರದೊಳಗೆ ಗೊತ್ತಾಗಲೇಬೇಕು. ಸೀಟಿಲ್ಲದ ಪ್ರದೇಶವನ್ನು ಮನೆ ನೋಡುವ ಮೊದಲೇ ಕೈಬಿಡಬಹುದು. ನಮ್ಮ ಕುಟುಂಬಕ್ಕೆ ಮರೋಳ್ ಹೋದದ್ದು ಹೀಗೆಯೇ. ಮೆಟ್ರೊದಲ್ಲಿ ಕಚೇರಿ ಬಹಳ ಸುಲಭವಾಗಿತ್ತು, ಆದರೆ ಕೈಗೆಟಕುವ ಮನೆಗಳು ಚಿಕ್ಕವು, ಮಗಳಿಗೆ ನಡೆದುಹೋಗುವ ದೂರದ ಶಾಲೆಯಲ್ಲಿ ಜಾಗವಿರಲಿಲ್ಲ. ಮಕ್ಕಳಿಲ್ಲದ ದಂಪತಿಯಾಗಿದ್ದರೆ ನಾನು ಮರೋಳನ್ನೇ ಮೊದಲು ನೋಡಲು ಹೇಳುತ್ತಿದ್ದೆ.

ಬುಧವಾರದಿಂದ ಮನೆಗಳು. ಈಗ ಬ್ರೋಕರ್ ಜೊತೆ ಮಾತಾಡುವ ರೀತಿಯೇ ಬೇರೆಯಾಗಿರುತ್ತದೆ. "ಮುಲುಂಡ್ ಪಶ್ಚಿಮ, ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆಯೊಳಗೆ, ಎರಡು ಬೆಡ್‌ರೂಮ್, ಲಿಫ್ಟ್ ಇರಬೇಕು, ಬಾಡಿಗೆ 45,000ದ ಒಳಗೆ, ಕಂಪನಿ ಲೀಸಿಗೆ ಒಪ್ಪುವ ಮಾಲೀಕರು" ಎಂದು ಒಂದೇ ಉಸಿರಿನಲ್ಲಿ ಹೇಳಬಹುದು. ಇಷ್ಟು ಖಚಿತವಾಗಿ ಹೇಳಿದವರನ್ನು ಬ್ರೋಕರ್ ಸುಮ್ಮನೆ ಸುತ್ತಾಡಿಸುವುದು ಕಡಿಮೆ. ಮುಂಬೈಯಲ್ಲಿ ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೊಡುವ ವಾಡಿಕೆ. ಅದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಅದೇ ಮನೆಯನ್ನು ಇಬ್ಬರು ಬ್ರೋಕರ್‌ಗಳು ತೋರಿಸಿದರೆ ಯಾರು ಮೊದಲು ತೋರಿಸಿದ್ದು ಎಂದು ಬರೆದಿಡಬೇಕು, ಇಲ್ಲವಾದರೆ ಕೊನೆಯಲ್ಲಿ ಇಬ್ಬರೂ ಕೈಚಾಚುತ್ತಾರೆ.

ದಿನಕ್ಕೆ ಐದು ಮನೆ ಸಾಕು. ಮನೆಯೊಳಗೆ ನೋಡಬೇಕಾದದ್ದನ್ನು ಎಲ್ಲರೂ ನೋಡುತ್ತಾರೆ, ಆದ್ದರಿಂದ ಮೇ ತಿಂಗಳಲ್ಲಿ ಕಣ್ಣಿಗೆ ಬೀಳದ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಅದು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಮೀಠಿ ನದಿ ಉಕ್ಕಿದಾಗ ಕುರ್ಲಾ, ಬಿಕೆಸಿಯ ಸುತ್ತಲಿನ ಪ್ರದೇಶ ಮುಳುಗಿತ್ತು. ಅಷ್ಟು ದೊಡ್ಡದು ಮತ್ತೆ ಬಾರದಿದ್ದರೂ ಪ್ರತಿ ಮಳೆಗಾಲದಲ್ಲಿ ಕುರ್ಲಾ, ಸಯನ್ ಸುತ್ತ ಹಳಿಗೆ ನೀರು ನುಗ್ಗಿ ಮಧ್ಯ ಮಾರ್ಗ ಕೆಲವು ಸಲ ನಿಲ್ಲುತ್ತದೆ. ಉಡುಪಿಯವರಿಗೆ ಮಳೆ ಹೊಸದಲ್ಲ. ನೀರು ಹರಿದುಹೋಗದ ಮಳೆ ಹೊಸದು. ಒಣ ಮೇ ತಿಂಗಳಲ್ಲಿ ಅದರ ಗುರುತನ್ನು ಹುಡುಕಬೇಕು. ಕಟ್ಟಡದ ಕೆಳಗಿನ ಮೀಟರ್ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಏರಿಸಿದ್ದಾರೆಯೇ? ಗೋಡೆಯ ಬುಡದಲ್ಲಿ ಒಂದೇ ಮಟ್ಟದಲ್ಲಿ ಕಲೆ ಇದೆಯೇ? ಅಂಗಡಿಗಳ ಮುಂದೆ ಹೊಸದಾಗಿ ಕಟ್ಟಿದ ಎತ್ತರದ ಹೊಸ್ತಿಲು ಇದೆಯೇ? ಬೀದಿಯ ಕಿರಾಣಿ ಅಂಗಡಿಯವನು ಇದಕ್ಕೆ ಅತ್ಯಂತ ನಂಬಬಹುದಾದ ಸಾಕ್ಷಿ, ಏಕೆಂದರೆ ಅವನ ಅಕ್ಕಿ ಮೂಟೆ ನೆಲದ ಮೇಲಿರುತ್ತದೆ. ಮೇಲಂತಸ್ತಿನ ಮನೆಯಾದರೆ ಪಶ್ಚಿಮದ ಗೋಡೆಯನ್ನು, ಕಿಟಕಿಯ ಮೂಲೆಗಳನ್ನು ಅಂಗೈಯಿಂದ ಸವರಿ ನೋಡಬೇಕು. ಹೊಸ ಬಣ್ಣದ ಕೆಳಗೆ ಉಬ್ಬು ಸಿಕ್ಕರೆ ಅಲ್ಲಿ ನೀರು ಜಿನುಗುತ್ತದೆಂದೇ ಅರ್ಥ. ನಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಮಾಲೀಕರಿಗಿಂತ ಸೊಸೈಟಿಯ ವಾಚ್‌ಮನ್ ಸರಿಯಾಗಿ ಹೇಳುತ್ತಾನೆ.

ಮಳೆಯ ಕಾರಣಕ್ಕೇ ಇನ್ನೊಂದು ಪ್ರಶ್ನೆ ಏಳುತ್ತದೆ: ಈ ಮನೆಗೆ ಕಚೇರಿಯಿಂದ ಎರಡನೇ ದಾರಿ ಇದೆಯೇ? ಮುಲುಂಡಿನವರು ಘಾಟ್ಕೋಪರಿನವರೆಗೆ ರೈಲಿನಲ್ಲಿ ಬಂದು, ಮೆಟ್ರೊ ಹಿಡಿದು ಮರೋಳ್ ನಾಕಾದಲ್ಲಿ ಬದಲಿಸಿ ಬಿಕೆಸಿ ಮುಟ್ಟಬಹುದು. ಸುತ್ತು ಹೆಚ್ಚು, ಆದರೆ ಕುರ್ಲಾದಲ್ಲಿ ನೀರು ನಿಂತ ದಿನ ಅದೇ ಆಧಾರ. ಚೆಂಬೂರಿನಿಂದ ರಸ್ತೆಯಲ್ಲೇ ಹೋಗುವಷ್ಟು ಹತ್ತಿರ.

ಗುರುವಾರ ರಾತ್ರಿ ಪಟ್ಟಿ ಚಿಕ್ಕದಾಗಬೇಕು. ಒಂದೇ ಹಾಳೆಯಲ್ಲಿ ಪ್ರತಿ ಮನೆಗೂ ಬಾಡಿಗೆ, ಕೆಟ್ಟ ಹೊತ್ತಿನ ಓಡಾಟದ ನಿಮಿಷ, ಶಾಲೆಯ ದೂರ, ಎರಡನೇ ದಾರಿ ಇಷ್ಟನ್ನೇ ಬರೆದುಕೊಳ್ಳಿ. ನಮ್ಮ ಕುಟುಂಬದ ಹಾಳೆಯಲ್ಲಿ ಚೆಂಬೂರಿನ ಒಂದು ಬೆಡ್‌ರೂಮಿನ ಮನೆಗೆ ಬಾಡಿಗೆ 42,000, ಓಡಾಟ ಐವತ್ತು ನಿಮಿಷ. ಮುಲುಂಡ್ ಪಶ್ಚಿಮದ ಹಳೆಯ ಕಟ್ಟಡದಲ್ಲಿ ಎರಡು ಬೆಡ್‌ರೂಮ್, 45,000, ಎಂಬತ್ತೈದು ನಿಮಿಷ. ಠಾಣೆಯ ಹೊಸ ಕಟ್ಟಡದಲ್ಲಿ ಎರಡು ಬೆಡ್‌ರೂಮ್, 38,000, ಸ್ಟೇಷನ್ನಿಗೆ ಶೇರ್ ರಿಕ್ಷಾ ಬೇಕು, ನೂರೈದು ನಿಮಿಷ.

ಠಾಣೆಯ ಮನೆ ತಿಂಗಳಿಗೆ 7,000 ಉಳಿಸುತ್ತದೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಶೇರ್ ರಿಕ್ಷಾಕ್ಕೆ ಒಂದು ಸಲಕ್ಕೆ 20 ರೂಪಾಯಿಯಂತೆ, ಹೋಗಿಬರಲು 40, ತಿಂಗಳಿಗೆ ಇಪ್ಪತ್ತೆರಡು ದಿನ ಹಿಡಿದರೆ 880 ಕಳೆಯುತ್ತದೆ. ಉಳಿಯುವುದು ಸುಮಾರು 6,100. ಅದಕ್ಕಾಗಿ ಮುಲುಂಡಿಗಿಂತ ದಿನಕ್ಕೆ ನಲವತ್ತು ನಿಮಿಷ ಹೆಚ್ಚು ದಾರಿಯಲ್ಲಿ ಕಳೆಯಬೇಕು, ತಿಂಗಳಿಗೆ ಹದಿನಾಲ್ಕೂವರೆ ಗಂಟೆಗೂ ಮಿಕ್ಕಿ. ಅಂದರೆ ಗಂಟೆಗೆ ನಾನೂರು ರೂಪಾಯಿಗೆ ಸ್ವಲ್ಪ ಹೆಚ್ಚಿನ ದರದಲ್ಲಿ ನಿಮ್ಮ ಸಂಜೆಯನ್ನು ಮಾರಿದಂತೆ. ಇದು ಸರಿಯೋ ತಪ್ಪೋ ಎಂಬುದು ಮನೆಯವರ ತೀರ್ಮಾನ. ಸಾಲದ ಕಂತು ಇರುವವರಿಗೆ ಸರಿಯಾಗಿಯೂ ಕಾಣಬಹುದು. ಆದರೆ ಈ ದರ ಗೊತ್ತಿದ್ದು ತೀರ್ಮಾನಿಸಬೇಕು. ಇದೇ ಲೆಕ್ಕ ಚೆಂಬೂರಿಗೆ ಹಾಕಿದರೆ ಹೊತ್ತೂ ಹಣವೂ ಎರಡೂ ಉಳಿಯುತ್ತವೆ, ಆದರೆ ಒಂದು ಕೋಣೆ ಕಡಿಮೆ. ವರ್ಷಕ್ಕೆ ಕೆಲವು ತಿಂಗಳು ಅಪ್ಪ ಅಮ್ಮ ಹಾಲಿನಲ್ಲಿ ಮಲಗಬೇಕಾಗುತ್ತದೆ. ಇವರು ಅದಕ್ಕೆ ಒಪ್ಪಲಿಲ್ಲ. ಮುಲುಂಡ್ ಮೊದಲನೆಯದಾಯಿತು.

ಇಲ್ಲಿ ಒಂದು ಎಚ್ಚರ ಬೇಕು. ಕೊನೆಯ ಪಟ್ಟಿಯಲ್ಲಿ ಮೂರು ಮನೆ ಇದ್ದರೆ ಅವುಗಳಲ್ಲಿ ಎರಡು ಒಂದೇ ಪ್ರದೇಶದಲ್ಲಿರಬೇಕು. ಮೊದಲ ಆಯ್ಕೆ ಕೈತಪ್ಪುವುದು ಮುಂಬೈಯಲ್ಲಿ ದಿನನಿತ್ಯದ ಸಂಗತಿ. ಆಗ ಎರಡನೆಯದು ಬೇರೆ ಪ್ರದೇಶದ್ದಾದರೆ ಓಡಾಟ, ಶಾಲೆ ಎಲ್ಲವನ್ನೂ ಮತ್ತೆ ತೂಗಬೇಕಾಗುತ್ತದೆ, ಅಷ್ಟು ಹೊತ್ತು ಉಳಿದಿರುವುದಿಲ್ಲ. ಇವರಿಗೂ ಹಾಗೆಯೇ ಆಯಿತು. ಶುಕ್ರವಾರ ಬೆಳಿಗ್ಗೆ ಮಾಲೀಕರು ಕಂಪನಿ ಲೀಸ್ ಬೇಡವೆಂದರು. ಬ್ಯಾಂಕು ತನ್ನ ಹೆಸರಿನಲ್ಲೇ ಮನೆ ಹಿಡಿದು ಅಧಿಕಾರಿಗೆ ಕೊಡುವ ಈ ಏರ್ಪಾಡಿನಲ್ಲಿ ಮಾಲೀಕರಿಂದ ಮಾಲೀಕತ್ವದ ಕಾಗದ, ಪ್ಯಾನ್, ಸೊಸೈಟಿಯ ಪತ್ರ ಎಲ್ಲ ಕೇಳುತ್ತಾರೆ, ಮಂಜೂರಾತಿಗೆ ದಿನ ಹಿಡಿಯುತ್ತದೆ. ಕೆಲವರಿಗೆ ಅದು ರಗಳೆ. ಕೆಲವರಿಗೆ, ಮುಖ್ಯವಾಗಿ ವಿದೇಶದಲ್ಲಿರುವ ಮಾಲೀಕರಿಗೆ, ಬಾಡಿಗೆ ತಪ್ಪದೆ ಬರುತ್ತದೆಂದು ಅದೇ ಇಷ್ಟ. ಹಾಗಾಗಿ ಬ್ರೋಕರ್ "ಆಗ್ತದೆ ಆಗ್ತದೆ" ಎಂದದ್ದನ್ನು ನಂಬಿ ಕೂರದೆ ಮಾಲೀಕರನ್ನೇ ಫೋನಿನಲ್ಲಿ ಕೇಳಬೇಕು. ಇವರ ಪಟ್ಟಿಯಲ್ಲಿ ಮುಲುಂಡ್ ಪೂರ್ವದ ಇನ್ನೊಂದು ಮನೆಯಿತ್ತು. ಅಡುಗೆಮನೆ ಚಿಕ್ಕದು, ಬಾಡಿಗೆ 42,000, ಸ್ಟೇಷನ್ನಿಗೆ ಹನ್ನೆರಡು ನಿಮಿಷ. ಅದೇ ರೈಲು, ಹಳಿ ದಾಟಿದ ಇನ್ನೊಂದು ಬದಿ ಮಾತ್ರ. ಶುಕ್ರವಾರ ಸಂಜೆ ಬಿಕೆಸಿಯಿಂದ ಆ ಮನೆಯ ಬಾಗಿಲಿನವರೆಗೆ ಒಮ್ಮೆ ಬಂದು, ರಾತ್ರಿ ಒಂಬತ್ತಕ್ಕೆ ಬೀದಿಯಲ್ಲಿ ನಿಂತು ರೈಲಿನ ಸದ್ದು, ದೀಪ, ಜನಸಂಚಾರ ನೋಡಿ ಒಪ್ಪಿಕೊಂಡರು. ಮಗಳ ಶಾಲೆ ಅದೇ ಬದಿಯಲ್ಲಿತ್ತು. ಪಶ್ಚಿಮದ ಮನೆಯಾಗಿದ್ದರೆ ಅವಳು ದಿನವೂ ಹಳಿ ದಾಟುವ ಸೇತುವೆ ಹತ್ತಬೇಕಿತ್ತು.

ಶನಿವಾರ ಕಾಗದಪತ್ರದ ದಿನ. ಮಹಾರಾಷ್ಟ್ರದಲ್ಲಿ ಮನೆ ಕೊಡುವುದು ಹೆಚ್ಚಾಗಿ 'ಲೀವ್ ಅಂಡ್ ಲೈಸೆನ್ಸ್' ಒಪ್ಪಂದದ ಮೇಲೆ. ಊರಿನಲ್ಲಿ ಸ್ಟಾಂಪ್ ಕಾಗದಕ್ಕೆ ಸಹಿ ಹಾಕಿ ಮುಗಿಸಿದಂತೆ ಇಲ್ಲಿ ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಒಪ್ಪಂದ ಬರಹದಲ್ಲಿರಬೇಕು, ನೋಂದಣಿಯಾಗಬೇಕು, ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ನೋಂದಣಿಯಿಲ್ಲದಿದ್ದರೆ ಷರತ್ತುಗಳ ಬಗ್ಗೆ ತಕರಾರು ಬಂದಾಗ ಬಾಡಿಗೆದಾರನ ಮಾತನ್ನು, ಬೇರೆ ರೀತಿ ಸಾಬೀತಾಗುವವರೆಗೆ, ಸರಿಯೆಂದು ಹಿಡಿಯುತ್ತಾರೆ. ಮುದ್ರಾಂಕ ಶುಲ್ಕ ಇಡೀ ಅವಧಿಯ ಬಾಡಿಗೆಯ ಮೇಲೆ, ಅದಕ್ಕೆ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇಕಡ 10ರಂತೆ ಹಾಕಿದ ಕಾಲ್ಪನಿಕ ಬಡ್ಡಿ ಸೇರಿಸಿ, ಶೇಕಡ 0.25. ಎರಡು ವರ್ಷಕ್ಕೆ 42,000 ಬಾಡಿಗೆ, ಒಂದೂವರೆ ಲಕ್ಷ ಡಿಪಾಸಿಟ್ ಎಂದರೆ ಸುಮಾರು 2,600 ರೂಪಾಯಿ, ಜೊತೆಗೆ ನಗರದಲ್ಲಿ 1,000 ನೋಂದಣಿ ಶುಲ್ಕ. ಆಧಾರ್ ಬೆರಳಚ್ಚಿನ ಮೇಲೆ ಏಜೆಂಟರು ಮನೆಗೇ ಬಂದು ಇದನ್ನು ಆನ್‌ಲೈನಿನಲ್ಲಿ ಮಾಡಿಕೊಡುತ್ತಾರೆ. ಎಷ್ಟು ತಿಂಗಳು ಇಬ್ಬರೂ ಬಿಡುವಂತಿಲ್ಲ ಎಂಬ ಲಾಕ್-ಇನ್ ಷರತ್ತನ್ನು ಮಾತ್ರ ಎರಡು ಸಲ ಓದಬೇಕು. ವರ್ಗಾವಣೆಯ ನೌಕರಿಯವನಿಗೆ ಮತ್ತೆ ಆದೇಶ ಬಂದರೆ ಒಂದು ತಿಂಗಳ ನೋಟಿಸಿನ ಮೇಲೆ ಬಿಡಬಹುದೆಂಬ ಸಾಲನ್ನು ಅಲ್ಲೇ ಸೇರಿಸಿಕೊಳ್ಳಬೇಕು. ಅವಧಿ ಮುಗಿದರೂ ಬಿಡದೆ ಕುಳಿತರೆ ಎರಡು ಪಟ್ಟು ಬಾಡಿಗೆ ತೆರಬೇಕಾಗುತ್ತದೆ ಎಂಬುದೂ ಅದೇ ಕಾಯ್ದೆಯಲ್ಲಿದೆ.

ಕಂಪನಿ ಲೀಸ್ ಆದರೆ ಸಹಿ ಬ್ಯಾಂಕಿನದು, ನೋಂದಣಿ ಈ ವಾರದಲ್ಲಿ ಮುಗಿಯದು. ಆಗ ಟೋಕನ್ ಹಣವನ್ನು ಖಾತೆಯ ಮೂಲಕವೇ ಕೊಟ್ಟು, ಬಾಡಿಗೆ, ಡಿಪಾಸಿಟ್, ಮನೆ ಬಿಟ್ಟುಕೊಡುವ ತಾರೀಕು, ಬ್ಯಾಂಕಿನ ಮಂಜೂರಾತಿ ಸಿಗದಿದ್ದರೆ ಟೋಕನ್ ವಾಪಸು ಎಂಬ ಮಾತು, ಇಷ್ಟನ್ನು ಮಾಲೀಕರಿಂದ ಸಂದೇಶದಲ್ಲಾದರೂ ಬರೆಸಿಕೊಳ್ಳಬೇಕು. ಮನೆಯ ಎಲ್ಲ ಕೋಣೆಗಳ ವಿಡಿಯೊ, ವಿದ್ಯುತ್ ಮೀಟರಿನ ಫೋಟೊ ಅದೇ ದಿನ ತೆಗೆದಿಡಬೇಕು. ಹೊರಡುವ ಮೊದಲು ಸೊಸೈಟಿಯ ಕಾರ್ಯದರ್ಶಿಯನ್ನು ಕಂಡು ಬಾಡಿಗೆದಾರರ ಅರ್ಜಿ, ಪೊಲೀಸರಿಗೆ ಕೊಡಬೇಕಾದ ಮಾಹಿತಿ, ಸಾಮಾನಿನ ಲಾರಿಗೆ ಒಳಗೆ ಬಿಡುವ ಹೊತ್ತು ಕೇಳಿಕೊಳ್ಳಬೇಕು. ಎಷ್ಟೋ ಸೊಸೈಟಿಗಳಲ್ಲಿ ಭಾನುವಾರವೂ ರಾತ್ರಿಯೂ ಸಾಮಾನು ಏರಿಸಲು ಬಿಡುವುದಿಲ್ಲ, ಉಡುಪಿಯಿಂದ ಹೊರಟ ಲಾರಿಯವನಿಗೆ ಅದನ್ನು ಮೊದಲೇ ಹೇಳಿರಬೇಕು.